ಸರ್ಪಸುತ್ತಿನ ಮಾತ್ರೆ: ವೈರಸ್ಸಿನ ದಾರಿ ತಿಳಿದು ನುಂಗುವುದು ಹೇಗೆ?

ಸರ್ಪಸುತ್ತಿಗೆ ಮಾತ್ರೆ ಕೇಳಿಕೊಂಡು ನಮ್ಮ ಔಷಧಿ ಅಂಗಡಿಗೆ ಬರುವಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಐದಾರು ದಿನ ಕಳೆದಿರುತ್ತದೆ. ಕೆಮ್ಮಣ್ಣು ಹಚ್ಚಿ ಆಗಿರುತ್ತದೆ, ಮಂತ್ರ ಹಾಕಿಸಿಯೂ ಆಗಿರುತ್ತದೆ. ಮಾತ್ರೆ ಕೊಂಡವರೂ ದಿನಕ್ಕೆ ಐದು ಎಂದಿದ್ದರೆ ‘ಜಾಸ್ತಿ ಆಯ್ತು’ ಎಂದು ಮೂರಕ್ಕೆ ಇಳಿಸುತ್ತಾರೆ. ಅಸೈಕ್ಲೋವಿರ್ ಎಂಬ ಈ ಮಾತ್ರೆ ವೈರಸ್ಸನ್ನು ಕೊಲ್ಲುವುದಿಲ್ಲ. ವೈರಸ್ ತನ್ನ ನಕಲು ತೆಗೆಯುವ ಹೊತ್ತಿನಲ್ಲಿ ಮಾತ್ರ ಅಡ್ಡ ಬರುತ್ತದೆ. ಆ ಹೊತ್ತು ಯಾವುದು ಎಂದು ಗೊತ್ತಿದ್ದರೆ ಚೀಟಿಯಲ್ಲಿ ಬರೆದ ಲೆಕ್ಕ ತಾನಾಗಿ ಅರ್ಥವಾಗುತ್ತದೆ.

1. ಗುಳ್ಳೆ ಕಂಡ ಗಂಟೆ ಬರೆದಿಡಿ

ಚಿಕ್ಕಂದಿನಲ್ಲಿ ಬಂದ ಚಿಕನ್‌ಪಾಕ್ಸ್ ವಾಸಿಯಾದರೂ ಅದರ ವೈರಸ್ ಮೈ ಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಸುಮ್ನೆ ಮಲಗಿರುತ್ತದೆ. ವಯಸ್ಸಾದಾಗ ಅಥವಾ ರೋಗನಿರೋಧಕ ಶಕ್ತಿ ಕುಗ್ಗಿದಾಗ ಎದ್ದು, ಅದೇ ನರದ ಗುಂಟ ಚರ್ಮಕ್ಕೆ ಇಳಿಯುತ್ತದೆ. ಒಂದು ನರಕ್ಕೆ ಮೈಯ ಒಂದೇ ಪಕ್ಕದ ಪಟ್ಟಿ ಸೇರಿದ್ದು. ಅದಕ್ಕೇ ಗುಳ್ಳೆಗಳು ಸಾಮಾನ್ಯವಾಗಿ ನಡುಗೆರೆ ದಾಟುವುದಿಲ್ಲ. ತಲೆ–ಬಾಲ ಕೂಡಿದರೆ ಪ್ರಾಣ ಹೋಗುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ.

ನಮ್ಮ ಅತ್ತೆಗೆ 68 ವರ್ಷ. ಶುಕ್ರವಾರ ಬಲಪಕ್ಕೆಯಲ್ಲಿ ಉರಿ ಶುರುವಾಯಿತು. ಗ್ಯಾಸ್ ಎಂದುಕೊಂಡರು. ಸೋಮವಾರ ಬೆಳಿಗ್ಗೆ ಸ್ನಾನಕ್ಕೆ ಹೋದಾಗ ಕೆಂಪು ಗುಳ್ಳೆಗಳ ಗೊಂಚಲು ಕಂಡಿತು. ಮಾತ್ರೆ ಆರಂಭಿಸಲು ವೈದ್ಯರು ಹೇಳುವ 72 ಗಂಟೆಯ ಗಡುವು ಶುರುವಾಗುವುದು ಆ ಸೋಮವಾರದಿಂದ, ಉರಿ ಬಂದ ಶುಕ್ರವಾರದಿಂದ ಅಲ್ಲ. ಗುರುವಾರ ಬೆಳಿಗ್ಗೆಯೊಳಗೆ ಮಾತ್ರೆ ಹೊಟ್ಟೆಗೆ ಬೀಳಬೇಕಿತ್ತು. ಮಂಗಳವಾರ ಸಂಜೆ ವೈದ್ಯರಿಗೆ ತೋರಿಸಿದೆವು. ಅಂದು ರಾತ್ರಿ 10ಕ್ಕೆ ಮೊದಲ ಮಾತ್ರೆ ನುಂಗಿಸಿದೆ.

72 ಗಂಟೆ ದಾಟಿದ ಮೇಲೂ ಹೊಸ ಗುಳ್ಳೆ ಏಳುತ್ತಿದ್ದರೆ ವೈರಸ್ ಇನ್ನೂ ನಕಲಾಗುತ್ತಿದೆ ಎಂದೇ ಅರ್ಥ. ಆಗಲೂ ವೈದ್ಯರು ಮಾತ್ರೆ ಕೊಡುತ್ತಾರೆ, ಹೋಗಿ. ಹಣೆ, ಕಣ್ಣಿನ ಸುತ್ತ ಅಥವಾ ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರಂತೂ ಒಂದು ದಿನವೂ ಕಾಯಬೇಡಿ. ಕಣ್ಣಿನ ವೈದ್ಯರೇ ನೋಡಬೇಕು.

2. ಒಳಗೆ ನುಗ್ಗುವುದು, ಕವಚ ಕಳಚುವುದು

ವೈರಸ್ ಜೀವಕೋಶಕ್ಕೆ ಅಂಟುತ್ತದೆ, ಒಳಸೇರುತ್ತದೆ, ಕವಚ ಕಳಚುತ್ತದೆ. ಎಚ್‌ಐವಿಗೆ ಬಾಗಿಲಲ್ಲೇ ತಡೆಯುವ ಮರಾವಿರಾಕ್ ಎಂಬ ಔಷಧಿ ಇದೆ. ಫ್ಲೂ ವೈರಸ್ಸಿನ ಕವಚ ಕಳಚದಂತೆ ಮಾಡುತ್ತಿದ್ದ ಅಮಾಂಟಡಿನ್‌ಗೆ ಈಗಿನ ತಳಿಗಳು ಜಗ್ಗುವುದಿಲ್ಲ. ಸರ್ಪಸುತ್ತಿನ ಮಾತ್ರೆಗಳು ಈ ಎರಡು ಕಡೆಯೂ ಕೆಲಸ ಮಾಡುವುದಿಲ್ಲ. ಮುಂದೆ ಹೋಗೋಣ.

3. ನಕಲು ತೆಗೆಯುವುದು: ಇಲ್ಲೇ ಎಲ್ಲರೂ ಎಡವುವುದು

ಕೋಶದ ನಡುವಿನ ಕೋಶಕೇಂದ್ರಕ್ಕೆ ವೈರಸ್ಸಿನ ಡಿಎನ್‌ಎ ಬಂದು ಸೇರುತ್ತದೆ. ಅದು ಮೊದಲು ತನಗೆ ಬೇಕಾದ ಕೆಲಸದಾಳುಗಳನ್ನು, ಅಂದರೆ ಕಿಣ್ವಗಳನ್ನು, ಮಾಡಿಸಿಕೊಳ್ಳುತ್ತದೆ. ಅವುಗಳಲ್ಲಿ ಎರಡು ನಮಗೆ ಮುಖ್ಯ: ಥೈಮಿಡಿನ್ ಕೈನೇಸ್ ಮತ್ತು ಡಿಎನ್‌ಎ ಪಾಲಿಮರೇಸ್.

ಡಿಎನ್‌ಎ ಎಂದರೆ ಮಣಿಸರ ಎಂದುಕೊಳ್ಳಿ. ಪ್ರತಿ ಮಣಿಗೂ ಹಿಂದೊಂದು, ಮುಂದೊಂದು ಕೊಂಡಿ. ಹಿಂದಿನ ಕೊಂಡಿ ಸರಕ್ಕೆ ಸಿಕ್ಕುತ್ತದೆ, ಮುಂದಿನದಕ್ಕೆ ಹೊಸ ಮಣಿ ಬಂದು ಸಿಕ್ಕುತ್ತದೆ. ಪಾಲಿಮರೇಸ್ ಹೀಗೆ ಮಣಿ ಪೋಣಿಸುತ್ತಾ ಹೋಗುತ್ತದೆ. ಅಸೈಕ್ಲೋವಿರ್ ನೋಡಲು ‘ಜಿ’ ಎಂಬ ಬಗೆಯ ಮಣಿಯ ಹಾಗೇ ಇದೆ, ಆದರೆ ಮುಂದಿನ ಕೊಂಡಿ ಇಲ್ಲ. ಅದು ಸರಕ್ಕೆ ಸೇರಿತೋ, ಸರ ಅಲ್ಲಿಗೇ ನಿಂತಿತು.

ಹಾಗಾದರೆ ನಮ್ಮದೇ ಡಿಎನ್‌ಎ ಯಾಕೆ ಕೆಡುವುದಿಲ್ಲ? ಮಣಿ ಪೋಣಿಸಲು ಯೋಗ್ಯವಾಗಬೇಕಾದರೆ ಅದಕ್ಕೆ ಮೂರು ಫಾಸ್ಫೇಟ್ ಅಂಟಬೇಕು. ಎರಡನೆಯದನ್ನೂ ಮೂರನೆಯದನ್ನೂ ನಮ್ಮ ಕೋಶವೇ ಅಂಟಿಸುತ್ತದೆ. ಮೊದಲನೆಯದನ್ನು ಅಂಟಿಸುವುದು ವೈರಸ್ಸಿನ ಥೈಮಿಡಿನ್ ಕೈನೇಸ್. ಸೋಂಕಿಲ್ಲದ ಕೋಶದಲ್ಲಿ ಆ ಕಿಣ್ವವೇ ಇಲ್ಲ, ಹಾಗಾಗಿ ಅಲ್ಲಿ ಮಾತ್ರೆ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ವೈರಸ್ ತನ್ನ ಕೈಯಾರೆ ಈ ಕಳ್ಳಮಣಿಯನ್ನು ಸಿದ್ಧಮಾಡಿಕೊಳ್ಳುತ್ತದೆ. ನನ್ನ ಪ್ರಕಾರ ಔಷಧಿಗಳಲ್ಲೇ ಇಷ್ಟು ಚೆಂದದ ಉಪಾಯ ಇನ್ನೊಂದಿಲ್ಲ. ಇದರ ಹಿಂದಿದ್ದ ತಂಡದ ಗರ್ಟ್ರೂಡ್ ಎಲಿಯನ್ ಅವರಿಗೆ ಔಷಧಿ ಸಂಶೋಧನೆಗಾಗಿ 1988ರಲ್ಲಿ ನೊಬೆಲ್ ಬಂತು.

ಈಗ ಚೀಟಿಗೆ ಬನ್ನಿ. ಮೂತ್ರಪಿಂಡ ಸರಿ ಇರುವ ದೊಡ್ಡವರಿಗೆ ಸಾಮಾನ್ಯವಾಗಿ ಬರೆಯುವುದು 800 ಮಿಲಿಗ್ರಾಂ, ದಿನಕ್ಕೆ 5 ಸಲ, 7 ದಿನ. ಒಟ್ಟು 35 ಮಾತ್ರೆ. ಇಷ್ಟೇಕೆ ಎಂದರೆ, ನುಂಗಿದ್ದರಲ್ಲಿ ಐದನೇ ಒಂದು ಪಾಲಿನಷ್ಟು ರಕ್ತ ಸೇರಿದರೆ ಹೆಚ್ಚು. ಸೇರಿದ್ದರಲ್ಲೂ ಅರ್ಧ ಸುಮಾರು ಮೂರು ಗಂಟೆಯಲ್ಲಿ ಖಾಲಿಯಾಗುತ್ತದೆ. ದಿನಕ್ಕೆ ಮೂರೇ ನುಂಗಿದರೆ ನಡುವೆ ಕಳ್ಳಮಣಿಗಳ ಕೊರತೆ ಬೀಳುತ್ತದೆ, ಪಾಲಿಮರೇಸ್ ಅಸಲಿ ಮಣಿಗಳನ್ನು ಹಿಡಿದು ಸರ ಮುಗಿಸುತ್ತದೆ.

ಅತ್ತೆಗೆ ಕ್ಯಾಲೆಂಡರಿನ ಹಿಂಬದಿ ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10 ಎಂದು ಬರೆದು, ನುಂಗಿದ ಹಾಗೆ ಗೀಟು ಹಾಕಿಸಿದೆ. ಒಂದು ಮಧ್ಯಾಹ್ನ ನಿದ್ದೆಯಲ್ಲಿ 2ರದ್ದು ತಪ್ಪಿತು. ಎದ್ದ ಕೂಡಲೇ, ಮೂರೂವರೆಗೆ, ಕೊಟ್ಟೆವು. ಮರೆತರೆ ಹೀಗೆ ನೆನಪಾದಾಗ ನುಂಗಿ. ಮುಂದಿನ ಹೊತ್ತು ಬಂದೇ ಬಿಟ್ಟಿದ್ದರೆ ಆ ಒಂದು ಸಾಕು, ಎರಡು ಸೇರಿಸಬೇಡಿ. ನೀರು ಮಾತ್ರ ಚೆನ್ನಾಗಿ ಕುಡಿಯಬೇಕು, ಇಲ್ಲದಿದ್ದರೆ ಔಷಧಿ ಮೂತ್ರಪಿಂಡದಲ್ಲಿ ಹರಳುಗಟ್ಟಬಹುದು. ಮೂತ್ರಪಿಂಡದ ತೊಂದರೆ ಇದ್ದವರಿಗೆ ಲೆಕ್ಕವೇ ಬೇರೆ, ವೈದ್ಯರಿಗೆ ಮೊದಲೇ ಹೇಳಿ.

ಐದು ಸಲ ಆಗದವರಿಗೆ ವಾಲಸೈಕ್ಲೋವಿರ್ ಇದೆ. 1000 ಮಿಲಿಗ್ರಾಂ, ದಿನಕ್ಕೆ 3 ಸಲ. ಮೈಯೊಳಗೆ ಹೋಗಿ ಅಸೈಕ್ಲೋವಿರ್ ಆಗುತ್ತದೆ, ರಕ್ತಕ್ಕೆ ಸೇರುವ ಪಾಲೂ ಜಾಸ್ತಿ. ದುಡ್ಡು ಹೆಚ್ಚಾದರೂ ಮರೆವಿರುವ ಹಿರಿಯರಿಗೆ ಇದೇ ಒಳ್ಳೆಯದು. ಬದಲಿಸಿ ಕೊಡಬಹುದೇ ಎಂದು ವೈದ್ಯರನ್ನೇ ಕೇಳಿ.

‘ಅಣ್ಣ, ಮುಲಾಮು ಸಾಕಲ್ವಾ?’ ಎಂದು ಕೇಳುವವರು ದಿನವೂ ಇದ್ದಾರೆ. ಸಾಕಾಗಲ್ಲ. ನಕಲು ನಡೆಯುವುದು ಚರ್ಮದ ಮೇಲ್ಪದರದಲ್ಲಿ ಮಾತ್ರ ಅಲ್ಲ, ನರಗಂಟಿನಲ್ಲೂ. ಅಲ್ಲಿಗೆ ಅಸೈಕ್ಲೋವಿರ್ ಕ್ರೀಮ್ ಮುಟ್ಟುವುದಿಲ್ಲ. ಇನ್ನು ಸ್ಟೀರಾಯ್ಡ್, ಆ್ಯಂಟಿಬಯಾಟಿಕ್, ಫಂಗಸ್ ಔಷಧಿ ಎಲ್ಲ ಒಂದೇ ಟ್ಯೂಬಿನಲ್ಲಿ ಬೆರೆಸಿದ ಮುಲಾಮಂತೂ ಬೇಡವೇ ಬೇಡ. ಚರ್ಮದ ರೋಗನಿರೋಧಕ ಶಕ್ತಿಯನ್ನೇ ಅದು ಮಲಗಿಸುತ್ತದೆ. ತುಟಿಯ ಹರ್ಪಿಸ್‌ಗೆ ತಂದು ಉಳಿದ ಮಾತ್ರೆಯನ್ನೂ ಇದಕ್ಕೆ ಬಳಸಬೇಡಿ. ಔಷಧಿ ಒಂದೇ ಆದರೂ ಸರ್ಪಸುತ್ತಿನ ವೈರಸ್ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ, ಪ್ರಮಾಣ ಹೆಚ್ಚು ಬೇಕು.

ರೋಗನಿರೋಧಕ ಶಕ್ತಿ ತೀರಾ ಕುಂದಿದವರಲ್ಲಿ ಕೆಲವೊಮ್ಮೆ ಥೈಮಿಡಿನ್ ಕೈನೇಸ್ ಇಲ್ಲದ ವೈರಸ್ ಬೆಳೆಯುತ್ತದೆ. ಮೊದಲ ಫಾಸ್ಫೇಟ್ ಅಂಟಿಸುವವರೇ ಇಲ್ಲವಲ್ಲ, ಮಾತ್ರೆ ವ್ಯರ್ಥ. ಸರಿಯಾಗಿ ನುಂಗುತ್ತಿದ್ದರೂ ಹೊಸ ಗುಳ್ಳೆ ಏಳುತ್ತಲೇ ಇರುವುದು ಅದರ ಸೂಚನೆ. ಆಗ ಆಸ್ಪತ್ರೆಯಲ್ಲಿ ಫೋಸ್ಕಾರ್ನೆಟ್ ಎಂಬ ಔಷಧಿಯನ್ನು ರಕ್ತನಾಳಕ್ಕೆ ಕೊಡುತ್ತಾರೆ. ಅದು ಪಾಲಿಮರೇಸನ್ನು ನೇರವಾಗಿ ಹಿಡಿಯುತ್ತದೆ.

4. ಜೋಡಣೆ, ಹೊರಬೀಳುವುದು

ನಕಲುಗಳಿಗೆ ಕವಚ ತೊಡಿಸಿ ವೈರಸ್ ಪಕ್ಕದ ಕೋಶಕ್ಕೆ ಹೋಗುತ್ತದೆ. ಫ್ಲೂ ವೈರಸ್ಸನ್ನು ಹೊರಬೀಳುವಾಗ ಹಿಡಿಯುವುದು ಒಸೆಲ್ಟಾಮಿವಿರ್. ಅದನ್ನು ಜ್ವರ ಬಂದ 48 ಗಂಟೆಯೊಳಗೆ ಶುರುಮಾಡಿದರೆ ಲಾಭ ಜಾಸ್ತಿ. ಅದು ಸರ್ಪಸುತ್ತಿಗೆ ಆಗುವುದಿಲ್ಲ, ಅಸೈಕ್ಲೋವಿರ್ ಫ್ಲೂಗೆ ಆಗುವುದಿಲ್ಲ. ಫ್ಲೂ ವೈರಸ್ಸಿನಲ್ಲಿ ಥೈಮಿಡಿನ್ ಕೈನೇಸ್ ಇಲ್ಲವೇ ಇಲ್ಲ.

5. ಉಳಿದವು ಮತ್ತೆ ಮಲಗುವುದು

ಮಲಗಿರುವ ವೈರಸ್ ನಕಲು ತೆಗೆಯುವುದಿಲ್ಲ, ಹಾಗಾಗಿ ಅಸೈಕ್ಲೋವಿರ್‌ಗೆ ಅಲ್ಲಿ ಕೆಲಸವಿಲ್ಲ. ಏಳು ದಿನದ ಮಾತ್ರೆಯನ್ನು ‘ಇನ್ನೂ ಇರಲಿ’ ಎಂದು ತಿಂಗಳುಗಟ್ಟಲೆ ನುಂಗಿದರೂ ನರಗಂಟು ಖಾಲಿಯಾಗುವುದಿಲ್ಲ. ಸರ್ಪಸುತ್ತು ಮತ್ತೆ ಬಾರದಂತೆ ತಡೆಯಲು ಇರುವುದು ಲಸಿಕೆ. 50 ದಾಟಿದವರು ಅದರ ಬಗ್ಗೆ ವೈದ್ಯರನ್ನು ವಿಚಾರಿಸಬಹುದು.

ಅತ್ತೆಯ 35ನೆಯ ಮಾತ್ರೆ ಮುಂದಿನ ಮಂಗಳವಾರ ಸಂಜೆ 6ಕ್ಕೆ ಮುಗಿಯಿತು. ಅಷ್ಟರಲ್ಲಿ ಗುಳ್ಳೆಗಳು ಒಣಗಿ ಹಕ್ಕಳೆ ಕಟ್ಟತೊಡಗಿದ್ದವು. ಪೂರ್ತಿ ಒಣಗುವ ತನಕ ಮಗಳ ಕೂಸನ್ನು ಅವರ ಹತ್ತಿರ ಬಿಡಲಿಲ್ಲ. ಗುಳ್ಳೆಯ ನೀರಿನಿಂದ ಮಗುವಿಗೆ ಚಿಕನ್‌ಪಾಕ್ಸ್ ಬರಬಹುದು. ಪಕ್ಕೆಯ ಉರಿ ಮಾತ್ರ ಇನ್ನೂ ಒಂದೂವರೆ ತಿಂಗಳು ಇತ್ತು. ಅದು ಗಾಯಗೊಂಡ ನರದ ನೋವು. ಅದಕ್ಕೆ ವೈದ್ಯರು ರಾತ್ರಿ ಹೊತ್ತು ನುಂಗಲು ಬೇರೆಯದೇ ಮಾತ್ರೆ ಬರೆದುಕೊಟ್ಟರು.