ಕಸ್ಟರ್ಡ್ ಟಾರ್ಟ್‌ನ ತಳ ಗರಿಯಾಗಿ ಉಳಿದದ್ದು ಹೀಗೆ

ಮೊದಲೇ ಹೇಳಿಬಿಡುತ್ತೇನೆ, ಇದು ಪ್ಯಾಕೆಟ್ ಪುಡಿಯ ಕಸ್ಟರ್ಡ್ ಅಲ್ಲ. ಆ ಪುಡಿಯಲ್ಲಿ ಮೆಕ್ಕೆಜೋಳದ ಹಿಟ್ಟು ಇರುತ್ತದೆ, ಕುದಿಸಿದರೂ ಒಡೆಯುವುದಿಲ್ಲ. ನಾನು ಮಾಡುವುದು ಹಾಲು, ಮೊಟ್ಟೆ, ಸಕ್ಕರೆಯದ್ದು. ಗಟ್ಟಿಯಾಗುವುದು ಮೊಟ್ಟೆಯಿಂದ ಮಾತ್ರ.

ಮಡಿಕೇರಿಯ ನಮ್ಮ ಮನೆಯಲ್ಲಿ ಮೊದಲ ಸಲ ಟಾರ್ಟ್ ಮಾಡಿದಾಗ ಮೈದಾದ ತಳ ಒದ್ದೆ ಮುದ್ದೆಯಾಗಿತ್ತು. ಮೇಲಿನ ಕಸ್ಟರ್ಡ್ ತುಂಬ ಸಣ್ಣ ಸಣ್ಣ ತೂತು. ಎರಡೂ ಬೇರೆ ಬೇರೆ ತಪ್ಪು ಅಂದುಕೊಂಡಿದ್ದೆ. ಅತ್ತೆ ಒಂದು ತುಂಡು ಚಮಚದಲ್ಲಿ ಒತ್ತಿ ನೋಡಿದರು. ತೂತುಗಳಿಂದ ನೀರು ಜಿನುಗಿತು. "ಗಿಣ್ಣು ಜಾಸ್ತಿ ಬೆಂದರೆ ಹೀಗೇ ಅಲ್ವಾ ಆಗೋದು? ನೀರು ಬಿಟ್ಟಿದೆ ನೋಡು" ಎಂದರು.

ಅಲ್ಲಿಗೆ ನನಗೆ ವಿಷಯ ಹೊಳೆಯಿತು. ಮೊಟ್ಟೆಗೆ ಬಿಸಿ ಹೆಚ್ಚಾದರೆ ಅದು ಬಿಗಿದುಕೊಂಡು ತನ್ನೊಳಗೆ ಹಿಡಿದಿಟ್ಟ ನೀರನ್ನು ಹಿಂಡಿ ಹೊರಗೆ ಹಾಕುತ್ತದೆ. ಆ ನೀರು ಇಳಿಯುವುದು ತಳಕ್ಕೇ. ತಳವನ್ನು ಎಷ್ಟೇ ಚೆನ್ನಾಗಿ ಬೇಯಿಸಿದರೂ ಮೇಲಿನದ್ದು ಒಡೆದರೆ ಪ್ರಯೋಜನ ಇಲ್ಲ.

ಈಗ ನಾನು ಮಾಡುವ ಅಳತೆ 20 ಸೆಂಟಿಮೀಟರ್ ಅಗಲ, ಮೂರೂವರೆ ಸೆಂಟಿಮೀಟರ್ ಎತ್ತರದ ಟಿನ್‌ಗೆ. 180 ಗ್ರಾಂ ಮೈದಾಕ್ಕೆ 90 ಗ್ರಾಂ ತಣ್ಣನೆ ಬೆಣ್ಣೆ ಉಜ್ಜಿ ರವೆಯ ಹಾಗೆ ಮಾಡುತ್ತೇನೆ. 30 ಗ್ರಾಂ ಸಕ್ಕರೆ ಪುಡಿ, ಚಿಟಿಕೆ ಉಪ್ಪು, ಒಂದು ಮೊಟ್ಟೆಯ ಹಳದಿ, ಒಂದೆರಡು ಚಮಚ ತಣ್ಣೀರು. ನಾದುವುದಿಲ್ಲ, ಸುಮ್ನೆ ಒಟ್ಟು ಸೇರಿಸುವುದು. ನಾದಿದರೆ ಬೇಯುವಾಗ ಅಂಚು ಕುಗ್ಗಿ ಕೆಳಗೆ ಜಾರುತ್ತದೆ. ಜುಲೈ ಮಳೆಯಲ್ಲಿ ನಮ್ಮ ಅಡುಗೆಮನೆಯೇ ತಂಪು, ಬೆಣ್ಣೆ ಕೈಗೆ ಅಂಟುವುದಿಲ್ಲ. ಏಪ್ರಿಲ್‌ನಲ್ಲಾದರೆ ನಡುನಡುವೆ ಫ್ರಿಜ್‌ಗೆ ಇಡಬೇಕು. ಟಿನ್‌ಗೆ ಹಾಸಿದ ಮೇಲೆ ಹೇಗಿದ್ದರೂ ಒಂದು ಗಂಟೆ ಫ್ರಿಜ್ ಬೇಕೇ ಬೇಕು. ಅಂಚನ್ನು ಟಿನ್‌ನಿಂದ ಸ್ವಲ್ಪ ಹೊರಗೆ ಚಾಚಿ ಬಿಡುತ್ತೇನೆ, ಬೆಂದ ಮೇಲೆ ಕತ್ತರಿಸುತ್ತೇನೆ. ಚೂರು ಹಿಟ್ಟನ್ನು ಎತ್ತಿಡುತ್ತೇನೆ.

ಇನ್ನು ಖಾಲಿ ತಳವನ್ನು ಮೊದಲು ಬೇಯಿಸುವುದು. ಬೇಕಿಂಗ್ ಪೇಪರ್ ಮುದುರಿ ಬಿಡಿಸಿ ಒಳಗೆ ಹಾಸಿ, ಒಣ ಅಲಸಂದೆ ಕಾಳನ್ನು ಅಂಚಿನ ತನಕ ತುಂಬುತ್ತೇನೆ. ಅರ್ಧ ತುಂಬಿದರೆ ಗೋಡೆ ಕುಸಿಯುತ್ತದೆ. (ಆ ಕಾಳು ಆಮೇಲೆ ಸಾರಿಗೆ ಆಗುವುದಿಲ್ಲ, ಇದಕ್ಕೇ ಡಬ್ಬಿಯಲ್ಲಿ ಇಟ್ಟಿದ್ದೇನೆ.) 190 ಡಿಗ್ರಿಯಲ್ಲಿ 25 ನಿಮಿಷ. ಕಾಳು ತೆಗೆದಾಗ ತಳ ಮಂಕಾಗಿ, ಒಣಗಿದ ಹಾಗೆ ಕಾಣಬೇಕು. ಹೊಳೆಯುತ್ತಿದ್ದರೆ ಇನ್ನೂ ಹಸಿ. ಕಾಳಿಲ್ಲದೆ 180ರಲ್ಲಿ ಮತ್ತೆ ಹತ್ತು ಹನ್ನೆರಡು ನಿಮಿಷ, ಬಿಸ್ಕತ್ತಿನ ಬಣ್ಣ ಬರುವ ತನಕ. ಕಸ್ಟರ್ಡ್ ಹಾಕಿದ ಮೇಲೆ ತಳಕ್ಕೆ ಹೆಚ್ಚೇನೂ ಬಣ್ಣ ಬರುವುದಿಲ್ಲ, ಹಾಗಾಗಿ ಇಲ್ಲೇ ಪೂರ್ತಿ ಬೇಯಿಸಬೇಕು. ಬಿರುಕಿದ್ದರೆ ಎತ್ತಿಟ್ಟ ಹಿಟ್ಟು ಮೆತ್ತಿ, ಒಳಗೆಲ್ಲ ಬಿಳಿಲೋಳೆ ತೆಳ್ಳಗೆ ಸವರಿ ಎರಡು ನಿಮಿಷ ಓವನ್‌ಗೆ ಇಡುತ್ತೇನೆ. ಅದು ಮೆರುಗು ಹಚ್ಚಿದ ಹಾಗೆ ಒಣಗಿ ಹಾಲನ್ನು ತಡೆಯುತ್ತದೆ.

ಕಸ್ಟರ್ಡ್‌ಗೆ 350 ಮಿಲಿ ಹಾಲು, 100 ಮಿಲಿ ಕ್ರೀಮ್, 80 ಗ್ರಾಂ ಸಕ್ಕರೆ, ಎರಡು ಇಡೀ ಮೊಟ್ಟೆ, ನಾಲ್ಕು ಹಳದಿ. ನಾಟಿ ಕೋಳಿ ಮೊಟ್ಟೆ ಸಣ್ಣದು, ಅದನ್ನು ಹಾಕುವುದಾದರೆ ಇಡೀ ಮೊಟ್ಟೆ ಇನ್ನೊಂದು ಬೇಕು. ನಮ್ಮ ತೋಟದ ಏಲಕ್ಕಿ ಎರಡು ಜಜ್ಜಿ ಹಾಲಿಗೆ ಹಾಕಿ, ಅಂಚಲ್ಲಿ ಗುಳ್ಳೆ ಬರುವಾಗ ಇಳಿಸುತ್ತೇನೆ. ಮೊಟ್ಟೆ ಸಕ್ಕರೆಯನ್ನು ನೊರೆ ಬರದ ಹಾಗೆ ಕಲಸಿ, ಹಾಲನ್ನು ಸಣ್ಣ ಧಾರೆಯಾಗಿ ಸುರಿದು ಸೋಸುತ್ತೇನೆ. ಮೇಲಿನ ನೊರೆಯನ್ನು ಚಮಚದಲ್ಲಿ ತೆಗೆಯುತ್ತೇನೆ.

ತಳವೂ ಬಿಸಿ, ಕಸ್ಟರ್ಡೂ ಬೆಚ್ಚಗೆ ಇರುವಾಗಲೇ ಸುರಿಯಬೇಕು. ತಣ್ಣಗೆ ಸುರಿದರೆ ನಡುವೆ ಬೇಯುವಷ್ಟರಲ್ಲಿ ಅಂಚು ಒಡೆದಿರುತ್ತದೆ. ಟಿನ್ ಓವನ್‌ನೊಳಗೆ ಇಟ್ಟು ಅಲ್ಲೇ ಸುರಿದರೆ ತುಳುಕುವ ಭಯವಿಲ್ಲ. ಮೇಲೆ ಜಾಯಿಕಾಯಿ ತುರಿದು, 130 ಡಿಗ್ರಿ. ನಮ್ಮ ಓವನ್ ಗುಂಡಿ 130 ತೋರಿಸಿದಾಗ ಒಳಗೆ 150 ಇರುತ್ತಿತ್ತು. ಮೊದಲ ಸಲ ಕೆಟ್ಟದ್ದಕ್ಕೆ ಅದೂ ಕಾರಣ. ಈಗ ಒಳಗೆ ಒಂದು ಓವನ್ ಥರ್ಮಾಮೀಟರ್ ನೇತುಹಾಕಿದ್ದೇನೆ.

ಮೂವತ್ತು ನಿಮಿಷಕ್ಕೆ ಟಿನ್ ಮೆಲ್ಲಗೆ ತಟ್ಟಿ ನೋಡುತ್ತೇನೆ. ಹಾಲಿನ ಹಾಗೆ ಅಲೆ ಎದ್ದರೆ ಇನ್ನೂ ಆಗಿಲ್ಲ. ಅಂಚು ನಿಂತು, ನಡುವೆ ಒಂದು ಇಡ್ಲಿಯಷ್ಟಗಲ ಮಾತ್ರ ಗಿಣ್ಣಿನ ಹಾಗೆ ನಡುಗಿದರೆ ಆಯಿತು, ಓವನ್ ಆಫ್. ಮೇಲೆ ಉಬ್ಬುವ ತನಕ ಕಾದರೆ ತಡವಾಯಿತು ಅಂತಲೇ ಲೆಕ್ಕ. ಥರ್ಮಾಮೀಟರ್ ಚುಚ್ಚಿದರೆ ನಡುವೆ 77ರ ಹತ್ತಿರ ಇರುತ್ತದೆ. 85 ದಾಟಿದರೆ ಒಡೆಯುತ್ತದೆ. ಬಾಗಿಲು ಸ್ವಲ್ಪ ತೆರೆದು ಹತ್ತು ನಿಮಿಷ ಬಿಟ್ಟರೆ ಉಳಿದ ಬಿಸಿಯಲ್ಲೇ ನಡುವೆ ಕೂರುತ್ತದೆ.

ಪೂರ್ತಿ ಆರಿದ ಮೇಲೆ ಕತ್ತರಿಸಬೇಕು, ಎರಡು ಗಂಟೆಯಾದರೂ. ಕಳೆದ ವಾರ ಹಾಗೆ ಕತ್ತರಿಸಿದಾಗ ಚಾಕು ತಳ ಮುಟ್ಟಿದ ಕೂಡಲೇ ಕಟ್ ಅಂತ ಸದ್ದು ಬಂತು. ಅತ್ತೆ ಹೊರಗಿನ ಜಗಲಿಯಿಂದಲೇ ತಿರುಗಿ ನೋಡಿದರು. ಅದೇ ದಿನ ತಿಂದು ಮುಗಿಸಬೇಕು. ಮಳೆಗಾಲದ ತೇವಕ್ಕೆ ಮರುದಿನ ಬೆಳಿಗ್ಗೆ ಆ ಗರಿ ಉಳಿಯುವುದಿಲ್ಲ.