ಹಲ್ಲು ಕೀಳಿ ಅಂದವರಿಗೆ ಬಗ್ಗಿ ನೋಡಿ ಅಂದೆ

"ಡಾಕ್ಟ್ರೇ, ಈ ಹಲ್ಲು ಕಿತ್ತುಬಿಡಿ. ಮೂರು ದಿನದಿಂದ ನಿದ್ದೆ ಇಲ್ಲ" ಅಂತಲೇ ಬಂದು ಕುರ್ಚಿಯಲ್ಲಿ ಕೂತರು. ಯಾವ ಹಲ್ಲು ಅಂತ ಕೇಳಿದೆ. ಅವರ ಬೆರಳು ಒಂದು ಕಡೆ ನಿಲ್ಲಲಿಲ್ಲ, ಬಲಗಡೆ ಮೇಲಿನ ನಾಲ್ಕು ಹಲ್ಲುಗಳ ಮೇಲೆ ಸವರಿಕೊಂಡು ಹೋಯಿತು. ಇದೊಂದನ್ನೇ ನಂಬೋ ಹಾಗಿಲ್ಲ. ಹಲ್ಲಿನ ನರ ಕೆಟ್ಟಾಗಲೂ ಎಷ್ಟೋ ಜನ ಪಕ್ಕದ ಹಲ್ಲನ್ನೇ ತೋರಿಸುತ್ತಾರೆ.

ಮೊದಲನೇ ದೊಡ್ಡ ದವಡೆ ಹಲ್ಲಿಗೆ ಹಳೇ ಫಿಲ್ಲಿಂಗ್ ಇತ್ತು. ಶುರುವಿನ ದಿನಗಳಲ್ಲಿ ಇಂಥದ್ದೇ ಫಿಲ್ಲಿಂಗ್ ನೋಡಿ ಒಬ್ಬರಿಗೆ ರೂಟ್ ಕೆನಾಲ್ ಮಾಡಿದ್ದೆ. ನೋವು ಇದ್ದ ಹಾಗೇ ಇತ್ತು. ಅದಕ್ಕೇ ಈಗ ಕೈ ತಡೆದು ನಿಲ್ಲುತ್ತದೆ.

ಕನ್ನಡಿಯ ಹಿಡಿಯಿಂದ ಹಲ್ಲುಗಳನ್ನು ಮೆಲ್ಲಗೆ ತಟ್ಟಿದೆ. ಎಡಗಡೆ ಏನೂ ಇಲ್ಲ. ಬಲಗಡೆ ನಾಲ್ಕೂ ಹಲ್ಲು ಹೆಚ್ಚುಕಮ್ಮಿ ಒಂದೇ ಸಮ ನೋವು. ಆಮೇಲೆ ಹತ್ತಿಯ ಉಂಡೆಗೆ ತಣ್ಣನೆ ಸ್ಪ್ರೇ ಹೊಡೆದು ಒಂದೊಂದಕ್ಕೂ ಮುಟ್ಟಿಸಿದೆ. ನಾಲ್ಕಕ್ಕೂ ಜುಮ್ ಅಂತು, ತೆಗೆದ ತಕ್ಷಣ ಹೋಯಿತು. ಅಂದರೆ ಒಳಗಿನ ನರ ಚೆನ್ನಾಗಿದೆ. ನರ ಕೆಟ್ಟಿದ್ದರೆ ಆ ಜುಮ್ಮು ಸುಮಾರು ಹೊತ್ತು ಉಳಿಯುತ್ತದೆ, ಸತ್ತಿದ್ದರೆ ಏನೂ ಗೊತ್ತಾಗುವುದಿಲ್ಲ. ಎಕ್ಸ್‌ರೇಯಲ್ಲೂ ಬೇರಿನ ತುದಿಯಲ್ಲಿ ಕಪ್ಪು ಕಾಣಲಿಲ್ಲ.

"ಒಂದ್ಸಲ ಎದ್ದು, ಶೂ ಲೇಸ್ ಕಟ್ಟೋ ಥರ ಬಗ್ಗಿ" ಅಂದೆ. ಬಗ್ಗಿದವರು ಕೆನ್ನೆ ಹಿಡಿದುಕೊಂಡರು. "ಮೆಟ್ಟಿಲು ಇಳಿಯೋವಾಗ್ಲೂ ಹೀಗೇ ಆಗುತ್ತೆ ಸಾರ್." ಶೀತ ಆಗಿತ್ತಾ ಅಂತ ಕೇಳಿದರೆ, ಹತ್ತು ದಿನದ ಹಿಂದೆ ಆಗಿತ್ತಂತೆ. ಕಡಿಮೆ ಆಗಿ ಮತ್ತೆ ಜಾಸ್ತಿ ಆಯಿತಂತೆ. ಹಲ್ಲಿಗೂ ಮೂಗಿಗೂ ಏನು ಸಂಬಂಧ ಅಂತ ಅವರು ಅದನ್ನು ಹೇಳಿಯೇ ಇರಲಿಲ್ಲ.

ಸಂಬಂಧ ಇದೆ. ಕೆನ್ನೆಯೊಳಗೆ ಸೈನಸ್ ಅಂತ ಮೂಗಿಗೆ ತೆರೆದುಕೊಳ್ಳುವ ಟೊಳ್ಳು ಜಾಗ ಇದೆ. ಅದರ ನೆಲಕ್ಕೂ ಮೇಲಿನ ದವಡೆ ಹಲ್ಲುಗಳ ಬೇರಿಗೂ ನಡುವೆ ಕೆಲವರಲ್ಲಿ ತೀರಾ ತೆಳುವಾದ ಮೂಳೆ ಇರುತ್ತದೆ, ಅಷ್ಟೇ. ಆ ಹಲ್ಲುಗಳಿಗೆ ಹೋಗುವ ನರಗಳು ಸೈನಸ್‌ನ ಗೋಡೆಯಲ್ಲೇ ಹಾದುಹೋಗುತ್ತವೆ. ಒಳಗೆ ಊದಿಕೊಂಡರೆ ನೋವು ಹಲ್ಲಿನದ್ದೇ ಅನ್ನಿಸುತ್ತದೆ.

ಹಲ್ಲು ಮುಟ್ಟದೆ ಅವರನ್ನು ಕಿವಿ ಮೂಗು ಗಂಟಲು ವೈದ್ಯರ ಹತ್ತಿರ ಕಳಿಸಿದೆ. ಕಣ್ಣಿನ ಸುತ್ತ ಊದಿಕೊಂಡರೆ ಅಥವಾ ನೋಟ ಮಂಜಾದರೆ ಕಾಯದೆ ಆಸ್ಪತ್ರೆಗೆ ಹೋಗಿ ಅಂತಲೂ ಹೇಳಿದ್ದೆ. ಅದರ ಅಗತ್ಯ ಬರಲಿಲ್ಲ. ಎರಡು ವಾರ ಬಿಟ್ಟು ಬಂದಾಗ ನಾಲ್ಕೂ ಹಲ್ಲು ತಟ್ಟಿ ನೋಡಿದೆ, ನೋವಿರಲಿಲ್ಲ.

ಇದು ತಿರುಗುಮುರುಗಾಗಿಯೂ ಬರುತ್ತದೆ. ಒಬ್ಬ ಹೆಂಗಸಿಗೆ ಸೈನಸ್ ಅಂತ ಎರಡು ಸಲ ಆ್ಯಂಟಿಬಯೋಟಿಕ್ ಕೊಟ್ಟಿದ್ದರು. ಒಂದೇ ಹೊಳ್ಳೆಯಿಂದ ಕೆಟ್ಟ ವಾಸನೆಯ ಸಿಂಬಳ ಬರುತ್ತಲೇ ಇತ್ತು. ಹಲ್ಲುನೋವು ಅಂತೂ ಇರಲೇ ಇಲ್ಲ. ಅದೇ ತಣ್ಣನೆ ಹತ್ತಿ ಮುಟ್ಟಿಸಿದಾಗ ಎಲ್ಲ ಹಲ್ಲೂ ಜುಮ್ ಅಂದವು, ಆ ಕಡೆಯ ಒಂದು ದವಡೆ ಹಲ್ಲು ಮಾತ್ರ ಸುಮ್ನಿತ್ತು. ಅವರಿಗೆ ನಾನು ರೂಟ್ ಕೆನಾಲ್ ಮಾಡಿದೆ.