ಪೀಸಾ ಗೋಪುರದ ಎರಡು ಗುಂಡುಗಳು: ಕತೆಯನ್ನು ನಾನು ಜಾಲಾಡುವ ಬಗೆ

ಗೆಲಿಲಿಯೋ ಪೀಸಾದ ವಾಲುಗೋಪುರ ಹತ್ತಿ ಭಾರದ್ದೊಂದು, ಹಗುರದ್ದೊಂದು ಗುಂಡು ಬಿಟ್ಟ, ಎರಡೂ ಒಟ್ಟಿಗೆ ನೆಲ ಮುಟ್ಟಿದವು, ಭಾರದ್ದೇ ಬೇಗ ಬೀಳುತ್ತದೆ ಎಂದಿದ್ದ ಅರಿಸ್ಟಾಟಲ್ ಸೋತ. ಇಂಥ ಕತೆ ಎದುರಾದಾಗ ನಿಜವೋ ಸುಳ್ಳೋ ಎಂಬ ಪ್ರಶ್ನೆಯನ್ನು ನಾನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಮೊದಲು ಹುಡುಕುವುದು, ಇದನ್ನು ಮೊತ್ತಮೊದಲು ಬರೆದವರು ಯಾರು, ಅವರಿಗೆ ಹೇಗೆ ಗೊತ್ತಾಯಿತು ಎಂದು. ಒಂದು ಪುಸ್ತಕ ಯಾವುದನ್ನು ನೆಚ್ಚಿದೆಯೋ ಅದಕ್ಕೆ, ಅಲ್ಲಿಂದ ಅದರ ಮೂಲಕ್ಕೆ ಹೀಗೆ ಹಿಂದೆ ಹಿಂದೆ ಹೋದರೆ ಹತ್ತಾರು ಪುಸ್ತಕಗಳು ಒಬ್ಬನೇ ವ್ಯಕ್ತಿಯ ಬಾಯಿಗೆ ಬಂದು ನಿಲ್ಲುತ್ತವೆ. ಅಷ್ಟೂ ಸೇರಿ ಒಂದೇ ಸಾಕ್ಷಿ.

ಇಲ್ಲಿ ಆ ವ್ಯಕ್ತಿ ಗೆಲಿಲಿಯೋನ ಶಿಷ್ಯ ವಿನ್ಚೆಂಜೊ ವಿವಿಯಾನಿ. ಗೆಲಿಲಿಯೋ ಪೀಸಾದಲ್ಲಿ ಪಾಠ ಹೇಳಿದ್ದು 1589ರಿಂದ 1592ರವರೆಗೆ. ವಿವಿಯಾನಿ ಹುಟ್ಟಿದ್ದು 1622ರಲ್ಲಿ. ಕುರುಡನಾಗಿದ್ದ ಮುದಿ ಗುರುವಿನ ಬಳಿ ಅವನ ಕೊನೆಯ ವರ್ಷಗಳಲ್ಲಿ ಇದ್ದ. ಗುರುವಿನ ಜೀವನಚರಿತ್ರೆ ಬರೆದದ್ದು 1654ರಲ್ಲಿ, ಅದು ಅಚ್ಚಾದದ್ದು 1717ರಲ್ಲಿ. ಅಂದರೆ ಘಟನೆಗೂ ಬರಹಕ್ಕೂ ನಡುವೆ ಅರವತ್ತು ವರ್ಷಗಳಿಗೂ ಹೆಚ್ಚು. ಗುರುವಿನ ಬಾಯಿಂದಲೇ ಕೇಳಿರಬಹುದು, ಆದರೆ ಕಂಡವನಲ್ಲ. ಉಳಿದ ಅಧ್ಯಾಪಕರೂ ವಿದ್ಯಾರ್ಥಿಗಳೂ ನೋಡುತ್ತಿದ್ದಂತೆ ಪ್ರಯೋಗ ನಡೆಯಿತು ಎನ್ನುತ್ತಾನೆ. ಅಷ್ಟು ಜನ ನೋಡಿದ್ದನ್ನು ಒಬ್ಬನಾದರೂ ಬರೆದಿಡಬೇಕಿತ್ತು. ಅಂಥ ಒಂದು ಸಾಲೂ ಸಿಕ್ಕಿಲ್ಲ. ಹೊಗಳಲೆಂದೇ ಬರೆದ ಚರಿತ್ರೆ ಅದು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇಷ್ಟಕ್ಕೇ 'ಕಟ್ಟುಕತೆ' ಎಂದು ಮುಗಿಸುವವರು ಬಹಳ. ಅದೂ ಅವಸರವೇ. ವಿವಿಯಾನಿಯ ಮಾತನ್ನು ಸರಿಯಾಗಿ ಓದಿದರೆ, ಅವನು ಹೇಳುವುದು ಒಂದೇ ವಸ್ತುವಿನಿಂದ ಮಾಡಿದ, ತೂಕ ಮಾತ್ರ ಬೇರೆಯಾದ ಗುಂಡುಗಳ ಬಗ್ಗೆ. ಕಬ್ಬಿಣ ಮತ್ತು ಮರ, ಗುಂಡು ಮತ್ತು ಹಕ್ಕಿಗರಿ, ಇವೆಲ್ಲ ಆಮೇಲೆ ಅಂಟಿಕೊಂಡವು. ಈ ಚಿಕ್ಕ ವಿವರದ ಬೆಲೆ ದೊಡ್ಡದು. ಪೀಸಾದಲ್ಲಿದ್ದ ಕಾಲಕ್ಕೆ ಗೆಲಿಲಿಯೋ ಬರೆದ, ಅಚ್ಚಿಗೆ ಕೊಡದೆ ಇಟ್ಟ 'ದೆ ಮೋತು' ಎಂಬ ಹಸ್ತಪ್ರತಿ ಉಳಿದಿದೆ. ಒಂದೇ ವಸ್ತುವಾದರೆ ಗಾತ್ರ ಎಷ್ಟೇ ಇರಲಿ ವೇಗ ಒಂದೇ, ವಸ್ತು ಬೇರೆಯಾದರೆ ವೇಗವೂ ಬೇರೆ ಎಂಬುದು ಆಗ ಅವನ ನಂಬಿಕೆ. ಶಾಲೆಯ ಪುಸ್ತಕದ ಗೆಲಿಲಿಯೋ ಇನ್ನೂ ಹುಟ್ಟಿರಲಿಲ್ಲ ಎನ್ನಬಹುದು. ಹಾಗಾಗಿ ವಿವಿಯಾನಿ ಹೇಳಿದ ಪ್ರಯೋಗ ಆ ಕಾಲದ ಗೆಲಿಲಿಯೋಗೆ ಹೊಂದುತ್ತದೆ. ಜನಪ್ರಿಯ ಕತೆಯದು ಹೊಂದುವುದಿಲ್ಲ.

ಮೂರನೆಯ ಪರೀಕ್ಷೆ ಲೆಕ್ಕದ್ದು. 50 ಮೀಟರ್ ಎತ್ತರದಿಂದ ಬಿದ್ದ ಗುಂಡು ಸುಮಾರು 3.2 ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. 10 ಸೆಂಟಿಮೀಟರ್ ಅಡ್ಡಳತೆಯ ಒಂದು ಕಬ್ಬಿಣದ ಗುಂಡನ್ನೂ ಅದೇ ಗಾತ್ರದ ಗಟ್ಟಿಮರದ ಗುಂಡನ್ನೂ ಬಿಟ್ಟರೆ, ಗಾಳಿಯ ತಡೆಯಿಂದಾಗಿ ಕಬ್ಬಿಣ ನೆಲ ಸೇರಿದಾಗ ಮರದ್ದು ಇನ್ನೂ 4 ಮೀಟರಿನಷ್ಟು ಮೇಲೆ ಇರುತ್ತದೆ. ಬರಿಗಣ್ಣಿಗೂ ಕಾಣುವ ಅಂತರ. ಎರಡೂ ಕಬ್ಬಿಣವೇ ಆಗಿ, ಒಂದು ಕಿಲೋದ್ದು, ಇನ್ನೊಂದು ನೂರು ಗ್ರಾಮಿನದ್ದಾದರೆ ಅಂತರ ಒಂದು ಮೀಟರಿಗೂ ಕಡಿಮೆ. ಸದ್ದು ಒಂದೇ ಸಲ ಕೇಳಿದಂತಾಗುತ್ತದೆ. ವೇಗ ತೂಕಕ್ಕೆ ತಕ್ಕಷ್ಟು ಎಂಬ ಅರಿಸ್ಟಾಟಲನ ಲೆಕ್ಕದಲ್ಲಾದರೆ ಚಿಕ್ಕದು ಆ ಹೊತ್ತಿಗೆ 5 ಮೀಟರ್ ಮಾತ್ರ ಇಳಿದಿರಬೇಕು. ಅವನನ್ನು ಕೆಡವಲು ಒಂದೇ ವಸ್ತುವಿನ ಗುಂಡುಗಳು ಸಾಕು.

ಲೆಕ್ಕಕ್ಕೆ ಒತ್ತಾಸೆಯಾಗಿ ಒಂದು ಕಾಗದವಿದೆ. 1641ರಲ್ಲಿ ಪೀಸಾದ ಗಣಿತ ಅಧ್ಯಾಪಕ ವಿನ್ಚೆಂಜೊ ರೆನಿಯೇರಿ ಅದೇ ಗೋಪುರದಿಂದ ಮಾಡಿದ ಪ್ರಯೋಗವನ್ನು ಗೆಲಿಲಿಯೋಗೇ ಬರೆದು ತಿಳಿಸಿದ. ಸೀಸದ ಗುಂಡಿಗಿಂತ ಮರದ್ದು ಮೂರು 'ಬ್ರಾಚ್ಚಿಯಾ' ಹಿಂದೆ, ಅಂದರೆ ಸುಮಾರು ಒಂದೂಮುಕ್ಕಾಲು ಮೀಟರ್. ಎರಡೂ ಸೀಸವಾದಾಗ ಒಂದು ಗೇಣಿನಷ್ಟು ಅಂತರ. ಇದು ಮಾಡಿದವನೇ ಆಗಿಂದಾಗ್ಗೆ ಬರೆದದ್ದು. ನನ್ನ ತಕ್ಕಡಿಯಲ್ಲಿ ವಿವಿಯಾನಿಗಿಂತ ಇದರ ತೂಕ ಹೆಚ್ಚು.

ಹಳೆಯ ಬರಹದಲ್ಲಿ ವಿಚಿತ್ರ ಕಂಡರೆ ಸುಳ್ಳೆಂದು ತಳ್ಳಿಬಿಡುವ ತಪ್ಪೂ ಆಗುತ್ತದೆ. 'ದೆ ಮೋತು'ವಿನಲ್ಲಿ, ಮೊದಲು ಮರ ಮುಂದಿರುತ್ತದೆ, ಆಮೇಲೆ ಸೀಸ ಹಿಂದಿಕ್ಕುತ್ತದೆ ಎಂಬ ಮಾತಿದೆ. ಅಸಂಬದ್ಧ ಅನ್ನಿಸುತ್ತದೆ. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಇದನ್ನು ಮಾಡಿ ಚಿತ್ರೀಕರಿಸಿದಾಗ, ಭಾರ ಹಿಡಿದು ದಣಿದ ಕೈ ತುಸು ತಡವಾಗಿ ಬಿಚ್ಚಿಕೊಳ್ಳುವುದು ಕಂಡಿತು. ಬಿಟ್ಟವನಿಗೆ ಮಾತ್ರ ಒಟ್ಟಿಗೇ ಬಿಟ್ಟೆನೆಂಬ ಭಾವನೆ. ಗೆಲಿಲಿಯೋ ಎಲ್ಲಿಂದಲೋ ಗುಂಡುಗಳನ್ನು ಬಿಟ್ಟು ನೋಡಿದ್ದ ಎನ್ನುವುದಕ್ಕೆ ಈ ವಿಚಿತ್ರ ಸಾಲೇ ಒಳ್ಳೆಯ ಸುಳಿವು.

ಮೊದಲಿಗನೂ ಅವನಲ್ಲ. ಹತ್ತು ಪಟ್ಟು ಭಾರದ ವ್ಯತ್ಯಾಸವಿದ್ದ ಎರಡು ಸೀಸದ ಗುಂಡುಗಳನ್ನು 30 ಅಡಿಯಿಂದ ಹಲಗೆಯ ಮೇಲೆ ಬೀಳಿಸಿ ಸದ್ದು ಒಂದೇ ಎಂದು ನೆದರ್ಲೆಂಡ್ಸಿನ ಗಣಿತಜ್ಞ ಸೈಮನ್ ಸ್ಟೆವಿನ್ 1586ರಲ್ಲೇ ಅಚ್ಚು ಹಾಕಿಸಿದ್ದ. ಹೀಗಾಗಿ ನನ್ನ ಟಿಪ್ಪಣಿಯಲ್ಲಿ ಮೂರು ಸಾಲು: ಒಂದೇ ವಸ್ತುವಿನ ಗುಂಡುಗಳು, ಪೀಸಾ ಗೋಪುರ: ನಡೆದಿರಬಹುದು, ಸಾಕ್ಷಿ ಒಂದೇ, ಅದೂ ತಡವಾದದ್ದು. ಕಬ್ಬಿಣ ಮತ್ತು ಮರ ಒಟ್ಟಿಗೆ ಬಿದ್ದದ್ದು: ಸುಳ್ಳು. ಅರಿಸ್ಟಾಟಲನನ್ನು ಮೊದಲು ಪ್ರಯೋಗದಿಂದ ಕೆಡವಿದವನು ಗೆಲಿಲಿಯೋ: ಸುಳ್ಳು.